ಚಳಿ ರಾತ್ರಿ ಕಳೆದ ಬೆಳಗ್ಗೆ ಮರಿ ಮಂಕಾಗಿದ್ದರೆ: ಕುರಿಮರಿ, ಕರುಗಳ ನ್ಯುಮೋನಿಯಾ ಹಿಡಿಯುವ ಬಗೆ

ಡಿಸೆಂಬರ್ ಬಂತೆಂದರೆ ನಮ್ಮ ಚಳ್ಳಕೆರೆ, ಜಗಳೂರು ಕಡೆ ಹಗಲು ಚುರುಕು ಬಿಸಿಲು, ಬೆಳಗಿನ ಜಾವ ಕೊರೆಯುವ ಚಳಿ. ಮೂಡಣ ಗಾಳಿ ಬೀಸಿದ ರಾತ್ರಿಯ ಮಾರನೇ ದಿನ ರೊಪ್ಪದಲ್ಲಿ ಒಂದೆರಡು ಮರಿ ಮೂಲೆ ಹಿಡಿದು ನಿಲ್ಲುತ್ತವೆ. ‘ಥಂಡಿ ಆಗಿದೆ, ಬಿಸಿಲೇರಿದರೆ ಸರಿಹೋಗುತ್ತೆ’ ಎಂದು ನಾವು ಮಂದೆ ಹೊಡೆದುಕೊಂಡು ಹೋಗುತ್ತೇವೆ. ಸಂಜೆ ಬರುವಷ್ಟರಲ್ಲಿ ಮರಿಯ ಪಕ್ಕೆ ಹಾರುತ್ತಿರುತ್ತದೆ. ಆಮೇಲೆ ಡಾಕ್ಟರ್ ಬಂದರೂ ಅವರ ಕೈಯಲ್ಲಿ ಉಳಿಯುವುದು ಸ್ವಲ್ಪವೇ.

ನಮ್ಮನೆಯಲ್ಲಿ 40 ಕುರಿ, ಎರಡು ಎಚ್‌ಎಫ್ ಹಸು ಇವೆ. ಮೊದಲ ಎರಡು ವರ್ಷದ ಚಳಿಗಾಲದಲ್ಲಿ ಹೀಗೇ ಕಾದು ಮರಿಗಳನ್ನು ಕಳೆದುಕೊಂಡೆವು. ನ್ಯುಮೋನಿಯಾದಲ್ಲಿ ಮರಿ ಉಳಿಯುವುದೋ ಬಿಡುವುದೋ ಎಂಬುದು ಬಹುಪಾಲು ಮೊದಲ ದಿನವೇ ತೀರ್ಮಾನ ಆಗಿಬಿಡುತ್ತದೆ. ಆ ಮೊದಲ ಬೆಳಗ್ಗೆ ಏನು ನೋಡಬೇಕು, ಏನು ಅಳೆಯಬೇಕು, ಯಾವಾಗ ಇಂಜೆಕ್ಷನ್ ಬೇಕು, ಯಾವಾಗ ಬೇಡ ಎಂದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಚಳಿ ಒಂದೇ ಕಾರಣ ಅಲ್ಲ

ನ್ಯುಮೋನಿಯಾ ತರುವ ರೋಗಾಣುಗಳು, ಅಂದರೆ ಪಾಶ್ಚುರೆಲ್ಲಾ, ಮ್ಯಾನ್‌ಹೈಮಿಯಾ ಜಾತಿಯವು, ಎಷ್ಟೋ ಆರೋಗ್ಯವಂತ ಕುರಿ-ಹಸುಗಳ ಮೂಗು ಗಂಟಲಲ್ಲೇ ಸುಮ್ನೆ ಕೂತಿರುತ್ತವೆ. ಉಸಿರುನಾಳದ ಒಳಗೋಡೆಯಲ್ಲಿ ಸಣ್ಣ ಕೂದಲಿನಂಥ ಎಳೆಗಳಿವೆ. ಧೂಳು, ರೋಗಾಣು ಏನೇ ಒಳಗೆ ಹೋದರೂ ಅವು ಲೋಳೆಯ ಜೊತೆ ಮೇಲಕ್ಕೆ ತಳ್ಳುತ್ತಿರುತ್ತವೆ. ಮರಿ ಒದ್ದೆಯಾಗಿ ನಡುಗಿದಾಗ, ಮೂತ್ರದ ಘಾಟು ಕುಡಿದಾಗ, ಧೂಳು ಹೊಗೆ ಸೇರಿದಾಗ ಈ ಕೆಲಸ ಕುಂಟುತ್ತದೆ. ಗಂಟಲಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಾಗಿ ಒಣಗಿರುವ, ಹೊಟ್ಟೆ ತುಂಬಿರುವ ಮರಿ ನಮ್ಮ ಕಡೆಯ ಚಳಿಯನ್ನು ತಡೆದುಕೊಳ್ಳುತ್ತದೆ. ತೊಂದರೆ ಆಗುವುದು ಒದ್ದೆ, ಘಾಟು, ನೆಲಮಟ್ಟದ ಗಾಳಿ ಸೇರಿದಾಗ. ನಾವು ಮಾಡುತ್ತಿದ್ದ ತಪ್ಪು ಅದೇ. ಚಳಿ ಎಂದು ಮರಿಗಳನ್ನು ಕೂಡುವ ಕೋಣೆಗೆ ನಾಲ್ಕೂ ಕಡೆ ತಾಡಪಾಲು ಕಟ್ಟಿ, ಕಿಂಡಿಗೆ ಗೋಣಿ ತುರುಕುತ್ತಿದ್ದೆವು. ಬೆಳಗ್ಗೆ ತೆಗೆದರೆ ಒಳಗೆ ಬೆಚ್ಚಗೆ ಇರುತ್ತಿತ್ತು ನಿಜ. ಆದರೆ ಕಣ್ಣು ಉರಿಯುವಷ್ಟು ಘಾಟು, ತಾಡಪಾಲಿನಿಂದ ತೊಟ್ಟಿಕ್ಕುವ ನೀರು. ಆ ನೀರು ಮರಿಗಳ ಬೆನ್ನ ಮೇಲೆ ಬೀಳುತ್ತಿತ್ತು.

ಕರು ಮರಿಗಳ ನಡುವೆ ಮೊದಲು ಮಲಗುವುದು ಯಾವುದು ಅಂದರೆ, ಹುಟ್ಟಿದ ದಿನ ಗಿಣ್ಣು ಹಾಲು ಸರಿಯಾಗಿ ಕುಡಿಯದ್ದು. ಅವಳಿಯಲ್ಲಿ ಚಿಕ್ಕದು, ಚೊಚ್ಚಲ ಕುರಿಯ ಮರಿ, ತಾಯಿ ಹತ್ತಿರ ಸೇರಿಸದ ಮರಿ. ಮೂರು ಕೆ.ಜಿ. ಮರಿಗೆ ಹುಟ್ಟಿದ ಎರಡು ಗಂಟೆಯೊಳಗೆ ಸುಮಾರು 150 ಮಿ.ಲೀ. ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. 25 ಕೆ.ಜಿ. ಕರುವಿಗೆ ಮೊದಲ ಆರು ಗಂಟೆಯೊಳಗೆ ಎರಡೂವರೆ ಲೀಟರ್. ಮನೆಮಂದಿಗೆ ಗಿಣ್ಣು ಕಾಯಿಸುವುದು ಆಮೇಲೆ. ಕರುವಿನ ಪಾಲು ಮುಗಿದ ಮೇಲೆ ಉಳಿದರೆ ಮಾತ್ರ.

ಬೆಳಗಿನ ಸುತ್ತು: ಕೆಮ್ಮಿಗಾಗಿ ಕಾಯಬೇಡಿ

ಹೊತ್ತು ಮೂಡುವ ಮುಂಚೆ, ತಾಯಿ ಕುರಿಗಳನ್ನು ಬಿಡುವ ಮೊದಲು ಒಂದು ಸುತ್ತು ಹಾಕಿ. ಟಾರ್ಚ್ ನೇರ ಕಣ್ಣಿಗೆ ಬಿಡಬೇಡಿ, ಗದ್ದಲ ಮಾಡಬೇಡಿ. ಬಾಗಿಲಲ್ಲಿ ನಿಂತು ಐದು ನಿಮಿಷ ಸುಮ್ನೆ ನೋಡಿ. ಮರಿಗಳು ಎಚ್ಚೆತ್ತರೆ, ಅದರಲ್ಲೂ ನಮ್ಮನ್ನು ಕಂಡು ಹೆದರಿದರೆ, ಕಾಯಿಲೆಯ ಮರಿಯೂ ಚುರುಕಾದಂತೆ ಕಾಣಿಸುತ್ತದೆ.

ಮೊದಲು ಕಾಣುವುದು ಕೆಮ್ಮಲ್ಲ, ಸಿಂಬಳವೂ ಅಲ್ಲ. ತಾಯಿಯನ್ನು ಬಿಟ್ಟಾಗ ಓಡಿ ಬಂದು ಕೆಚ್ಚಲಿಗೆ ಗುದ್ದದ ಮರಿಯೇ ಮೊದಲ ಸೂಚನೆ. ಎದ್ದ ಮರಿ ಮೈಮುರಿಯುತ್ತದೆ, ಬೆನ್ನು ಬಾಗಿಸಿ ಕಾಲು ಚಾಚುತ್ತದೆ. ಕಾಯಿಲೆ ಹತ್ತುತ್ತಿರುವ ಮರಿ ಮೈಮುರಿಯುವುದಿಲ್ಲ. ಬೆನ್ನು ಗೂನು ಮಾಡಿಕೊಂಡು ನಿಂತಿರುತ್ತದೆ, ಕಿವಿ ಜೋತಿರುತ್ತದೆ. ಹೊಟ್ಟೆಯ ಪಕ್ಕ, ಕೊನೇ ಪಕ್ಕೆಲುಬಿನ ಹಿಂದೆ ಕುಳಿ ಬಿದ್ದಿರುತ್ತದೆ. ರಾತ್ರಿ ಹಾಲು ಕುಡಿದಿಲ್ಲ ಎಂದು ಆ ಕುಳಿಯೇ ಹೇಳುತ್ತದೆ. ಕರುವಿನಲ್ಲಾದರೆ ಬಕೆಟ್‌ನಲ್ಲಿ ಹಾಲು ಉಳಿಯುತ್ತದೆ, ಇಲ್ಲವೇ ದಿನಾ ಎರಡು ನಿಮಿಷದಲ್ಲಿ ಕುಡಿಯುತ್ತಿದ್ದದ್ದು ಐದು ನಿಮಿಷ ತೆಗೆದುಕೊಳ್ಳುತ್ತದೆ.

ಅನುಮಾನ ಬಂದ ಮರಿಯನ್ನು ಮುಟ್ಟುವ ಮೊದಲು ಉಸಿರು ಎಣಿಸಿ. ಮಲಗಿದ್ದರೆ ಇನ್ನೂ ಒಳ್ಳೆಯದು. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಅರ್ಧ ನಿಮಿಷ ಇಟ್ಟುಕೊಂಡು ಎಣಿಸಿ ಎರಡರಿಂದ ಗುಣಿಸಿ. ತಂಪು ಹೊತ್ತಿನಲ್ಲಿ ಸುಮ್ಮನೆ ಮಲಗಿದ ಕುರಿಮರಿಯದು ಸಾಮಾನ್ಯವಾಗಿ 40ರ ಆಸುಪಾಸು ಇರುತ್ತದೆ. 60 ದಾಟಿದರೆ ಅನುಮಾನ ಗಟ್ಟಿ. ಕರುವಿನದು 30ರ ಆಸುಪಾಸು, 50 ದಾಟಿದರೆ ಅನುಮಾನ. ಸಂಖ್ಯೆ ಗೊಂದಲ ಅನಿಸಿದರೆ ಪಕ್ಕದಲ್ಲೇ ಮಲಗಿರುವ ಅದೇ ವಯಸ್ಸಿನ ಮರಿಯದನ್ನೂ ಎಣಿಸಿ. ವ್ಯತ್ಯಾಸ ತಾನೇ ಕಾಣುತ್ತದೆ. ಈ ಲೆಕ್ಕ ಬೆಳಗ್ಗೆಯೇ ಆಗಬೇಕು. ಮಧ್ಯಾಹ್ನ ಬಿಸಿಲಲ್ಲಿ ಎಲ್ಲ ಮರಿಗಳೂ ಏದುಸಿರು ಬಿಡುತ್ತವೆ, ಏನೂ ತಿಳಿಯುವುದಿಲ್ಲ.

ಜ್ವರ ನೋಡುವುದು

ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಮನುಷ್ಯರ ಡಿಜಿಟಲ್ ಥರ್ಮಾಮೀಟರ್ ಸಾಕು. ಪ್ರಾಣಿಗೆ ಅಂತ ಒಂದನ್ನು ಬೇರೆ ಇಡಿ. ಹಿಂದಿನ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಕ್ಲಿಪ್ ಹಾಕಿ ಉಣ್ಣೆಗೆ ಸಿಕ್ಕಿಸಿ, ಆಗ ಕೆಳಗೆ ಬಿದ್ದು ಒಡೆಯುವುದಿಲ್ಲ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಒಂದು ಇಂಚು ಒಳಗಿಟ್ಟು ಸ್ವಲ್ಪ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಹಿಕ್ಕೆಯ ನಡುವೆ ಸಿಕ್ಕಿದರೆ ಕಡಿಮೆ ತೋರಿಸುತ್ತದೆ. ಬೀಪ್ ಬಂದ ಮೇಲೆ ತೆಗೆಯಿರಿ.

ಕುರಿಮರಿಯ ಮೈಬಿಸಿ ನಮಗಿಂತ ಜಾಸ್ತಿ, 102ರಿಂದ 103.5 ಫ್ಯಾರನ್‌ಹೀಟ್ ಇರುವುದು ಸಹಜ. ತಂಪು ಬೆಳಗ್ಗೆ 104 ದಾಟಿದರೆ ಅದು ಜ್ವರ. ಕರುವಿಗೆ 101.5ರಿಂದ 102.5 ಸಹಜ, 103.5 ದಾಟಿದರೆ ಜ್ವರ. ಕಿವಿ ಮುಟ್ಟಿ, ಮೂಗು ಮುಟ್ಟಿ ಹೇಳುವುದನ್ನು ನಂಬಬೇಡಿ. ಚಳಿಯಲ್ಲಿ ಜ್ವರ ಇರುವ ಮರಿಯ ಕಿವಿಯೂ ತಣ್ಣಗೇ ಇರುತ್ತದೆ.

ಥರ್ಮಾಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ‘ಜ್ವರ ಇಲ್ಲ’ ಎಂದು ನೆಮ್ಮದಿ ಪಡಬೇಡಿ. ಅದು ಜ್ವರಕ್ಕಿಂತ ಕೆಟ್ಟ ಸುದ್ದಿ. ಮರಿಯ ಬಾಯೊಳಗೆ ಬೆರಳಿಡಿ. ಬಾಯಿ ತಣ್ಣಗಿದ್ದು ಬೆರಳನ್ನು ಚೀಪದಿದ್ದರೆ ಮೈ ಪೂರ್ತಿ ತಣಿದುಹೋಗಿದೆ. ಅಂಥ ಮರಿಗೆ ಆಗಲೇ ಹಾಲು ಹಾಕಬೇಡಿ, ನುಂಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ಅವರು ಹೇಳಿದ ಮೇಲೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಪಕ್ಕ ಇಡಿ. ಐದಾರು ಗಂಟೆಗಿಂತ ದೊಡ್ಡ ಮರಿಗಳಲ್ಲಿ ರಕ್ತದ ಸಕ್ಕರೆಯೂ ಕುಸಿದಿರುತ್ತದೆ. ಬಿಸಿ ಮಾಡುವ ಮುಂಚೆ ಗ್ಲೂಕೋಸ್ ಇಂಜೆಕ್ಷನ್ ಬೇಕಾಗಬಹುದು, ಅದನ್ನು ಅವರೇ ಕೊಡಬೇಕು. ಫೋನಿನಲ್ಲೇ ವಯಸ್ಸು ಹೇಳಿಬಿಡಿ.

ಇವತ್ತೇ ಔಷಧಿಯೋ, ಸಂಜೆವರೆಗೆ ನೋಡುವುದೋ

ತಿಳಿ ಸಿಂಬಳ, ಒಂದೆರಡು ಸೀನು ಇದೆ, ಆದರೆ ಹಾಲು ಕುಡಿಯುತ್ತಿದೆ, ಜ್ವರ ಇಲ್ಲ, ಉಸಿರು ಸರಾಗ ಅಂದರೆ ಇಂಜೆಕ್ಷನ್ ಬೇಡ. ಒಣ ಹಾಸಿಗೆ ಕೊಟ್ಟು ಸಂಜೆ ಇನ್ನೊಮ್ಮೆ ಜ್ವರ ನೋಡಿ, ಮಾರನೇ ಬೆಳಗ್ಗೆ ಮತ್ತೊಮ್ಮೆ. ನಮ್ಮ ಮರಿಗಳಲ್ಲಿ ಎಷ್ಟೋ ಹೀಗೇ ಸುಧಾರಿಸಿಕೊಂಡಿವೆ.

ಜ್ವರ ಇದೆ, ಅದರ ಜೊತೆಗೆ ಹಾಲು ಬಿಟ್ಟಿರುವುದು, ಮಂಕು, ಜೋರು ಉಸಿರು, ಕೆಮ್ಮು ಇವುಗಳಲ್ಲಿ ಯಾವುದೇ ಒಂದಿದೆ ಅಂದರೆ ಅದೇ ದಿನ, ಸಾಧ್ಯವಾದರೆ ಮಧ್ಯಾಹ್ನದೊಳಗೆ ಔಷಧಿ ಶುರುವಾಗಬೇಕು. ಸಿಂಬಳ ಹಳದಿ ಆಗಲಿ, ಕೆಮ್ಮು ಜೋರಾಗಲಿ ಎಂದು ಕಾಯುವುದೇ ದೊಡ್ಡ ತಪ್ಪು. ಅಷ್ಟು ಹೊತ್ತಿಗೆ ಶ್ವಾಸಕೋಶದ ಒಂದು ಭಾಗ ಗಟ್ಟಿಯಾಗಿರುತ್ತದೆ.

ಕತ್ತು ಮುಂದೆ ಚಾಚಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಸಡು ನೀಲಿಗಟ್ಟಿದ್ದರೆ, ಏಳಲಾರದಿದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ. ಊರಿನ ಪಶು ಆಸ್ಪತ್ರೆಯ ಡಾಕ್ಟರ್ ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕೇಳಿ. ಫೋನ್ ಮಾಡುವಾಗ ವಯಸ್ಸು, ಅಂದಾಜು ತೂಕ, ಜ್ವರ, ಉಸಿರಿನ ಲೆಕ್ಕ, ಎಷ್ಟು ಮರಿಗೆ ಹೀಗಾಗಿದೆ ಎಂಬ ಐದು ವಿಷಯ ಹೇಳಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ಒಂದೆರಡಲ್ಲ, ಒಂದೇ ವಾರದಲ್ಲಿ ಹಲವು ಮರಿಗಳಿಗೆ ಬಂದಿದೆ, ದೊಡ್ಡ ಕುರಿಗಳಿಗೂ ಬಂದಿದೆ, ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಪಿಸುರು, ಭೇದಿ ಇದೆ ಅಂದರೆ ಅದು ಪಿಪಿಆರ್ ಎಂಬ ಅಂಟುರೋಗ ಇರಬಹುದು. ಕರುವಿಗೆ ಗಂಟಲು ಊದಿ ಜೋರು ಜ್ವರ ಬಂದಿದ್ದರೆ ಗಳಲೆ ರೋಗದ ಅನುಮಾನ. ಇವೆರಡನ್ನೂ ಥಂಡಿ ಎಂದು ಮನೆಯಲ್ಲಿಟ್ಟುಕೊಂಡು ನೋಡುವ ಹಾಗಿಲ್ಲ. ಮಂದೆಯನ್ನು ಬೇರೆ ಮಂದೆ ಜೊತೆ ಸೇರಿಸದೆ ಪಶು ಇಲಾಖೆಗೆ ತಿಳಿಸಿ.

ಒಂದು ಮರಿಯ ಐದು ದಿನ

ಕಳೆದ ಜನವರಿಯಲ್ಲಿ ನಮ್ಮನೆಯಲ್ಲಿ ನಡೆದದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 20 ದಿನದ ಹೆಣ್ಣುಮರಿ, ಅವಳಿಯಲ್ಲಿ ಚಿಕ್ಕದು. ಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ಹಾಕಿದರೆ 5 ಕೆ.ಜಿ. ಹಿಂದಿನ ರಾತ್ರಿ ತಾಯಿ ಪಕ್ಕದ ಒದ್ದೆ ನೆಲದಲ್ಲಿ ಮಲಗಿತ್ತು, ಹೊಟ್ಟೆಯ ಉಣ್ಣೆ ನೆಂದಿತ್ತು.

ಬೆಳಗ್ಗೆ ಆರೂವರೆಗೆ ಇದರ ಅಣ್ಣ ಕೆಚ್ಚಲಿಗೆ ಗುದ್ದುತ್ತಿತ್ತು, ಇದು ಗೋಡೆಗೆ ಒರಗಿ ನಿಂತಿತ್ತು. ಉಸಿರು 72. ಜ್ವರ 105.2. ಸಿಂಬಳ ನೀರಿನಂತೆ ತೆಳು, ಕೆಮ್ಮು ಇಲ್ಲವೇ ಇಲ್ಲ. ನಮ್ಮತ್ತೆ ‘ಬಿಸಿಲು ಬರಲಿ ಬಿಡು’ ಅಂದರು. ನಾನು ಏಳು ಗಂಟೆಗೇ ಡಾಕ್ಟರಿಗೆ ಫೋನ್ ಮಾಡಿದೆ. ಹತ್ತಕ್ಕೆ ಬಂದರು. ಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟು ಮುಂಗಾಲಿನ ಹಿಂದೆ, ಕೆಳಭಾಗದಲ್ಲಿ ಸದ್ದು ಗಡುಸಾಗಿದೆ ಎಂದರು. ನ್ಯುಮೋನಿಯಾ ಶುರುವಾಗುವುದು ಹೆಚ್ಚಾಗಿ ಅಲ್ಲೇ, ಶ್ವಾಸಕೋಶದ ಮುಂದಿನ ಕೆಳತುದಿಯಲ್ಲಿ. ತೂಕ ನೋಡಿ ಆಂಟಿಬಯೋಟಿಕ್ ಒಂದು, ಜ್ವರ ನೋವಿಗೆ ಮೆಲಾಕ್ಸಿಕಾಮ್ ಒಂದು ಕೊಟ್ಟರು. ಐದು ದಿನದ ಚೀಟಿ ಬರೆದರು.

ಎರಡನೇ ಬೆಳಗ್ಗೆ ಜ್ವರ 103.8, ಉಸಿರು 60. ತಾನೇ ಎದ್ದು ಎರಡು ಸಲ ಚೀಪಿತು. ಮೂರನೇ ದಿನ ಜ್ವರ 102.8. ಮರಿ ನೆಗೆಯಲು ನೋಡಿತು. ಯಜಮಾನರು ‘ಇನ್ನು ಸೂಜಿ ಯಾಕೆ, ಸುಮ್ನೆ ನೋವು’ ಅಂದರು. ಹಿಂದಿನ ವರ್ಷ ನಾವು ಇಲ್ಲಿಗೇ ನಿಲ್ಲಿಸಿದ್ದೆವು. ಆ ಮರಿಗೆ ಎಂಟನೇ ದಿನ ಮತ್ತೆ ಜ್ವರ ಬಂತು. ಬದುಕಿತು, ಆದರೆ ಓಡಿದರೆ ಕೆಮ್ಮುತ್ತಲೇ ಉಳಿಯಿತು, ಜೊತೆಯ ಮರಿಗಳ ಮುಂದೆ ಸೊರಗಿಯೇ ಹೋಯಿತು. ಅದನ್ನು ನೆನಪಿಸಿದೆ. ಮೂರನೇ ದಿನವೂ ಉಸಿರು 52 ಇತ್ತು. ಜ್ವರ ಬೇಗ ಇಳಿಯುತ್ತದೆ, ಉಸಿರು ನಿಧಾನಕ್ಕೆ ಇಳಿಯುತ್ತದೆ. ಒಳಗಿನ ಗಾಯ ಇನ್ನೂ ಮಾಗಿಲ್ಲ ಎಂದು ಅರ್ಥ. ಐದು ದಿನವೂ ಪೂರ್ತಿ ಕೊಡಿಸಿದೆವು. ಆರನೇ ಬೆಳಗ್ಗೆ ಉಸಿರು 42.

ಎರಡು ದಿನ, ಅಂದರೆ 48 ಗಂಟೆ ಕಳೆದರೂ ಜ್ವರ ಇಳಿಯದಿದ್ದರೆ ಅದೇ ಔಷಧಿ ಮುಂದುವರಿಸಬೇಡಿ, ಡಾಕ್ಟರಿಗೆ ಹೇಳಿ. ಔಷಧಿ ಬದಲಿಸಬೇಕಾಗಬಹುದು, ಕಾಯಿಲೆಯೇ ಬೇರೆ ಇರಬಹುದು. ಉಳಿದ ಬಾಟಲಿಯಿಂದ ಅಂದಾಜಿಗೆ ಎಳೆದು ಇನ್ನೊಂದು ಮರಿಗೆ ಚುಚ್ಚುವುದೂ ಬೇಡ. ಕಡಿಮೆ ಡೋಸ್ ಬಿದ್ದರೆ ರೋಗಾಣು ಸಾಯುವುದಿಲ್ಲ, ಮುಂದಿನ ಸಲ ಆ ಔಷಧಿಗೆ ಬಗ್ಗುವುದೂ ಇಲ್ಲ.

ಇಂಜೆಕ್ಷನ್‌ಗಿಂತ ಕಡಿಮೆ ಅಲ್ಲದ ಆರೈಕೆ

ಕಾಯಿಲೆ ಮರಿಯನ್ನು ತಾಯಿಯ ಜೊತೆಗೇ ಬೇರೆ ಮಾಡಿ. ಒಂಟಿಯಾಗಿ ಕಟ್ಟಿದರೆ ಕೂಗಿ ಕೂಗಿ ಇರುವ ಉಸಿರನ್ನೂ ಕಳೆದುಕೊಳ್ಳುತ್ತದೆ. ನಾವು ಪಡಸಾಲೆ ಮೂಲೆಯಲ್ಲಿ ತಡಿಕೆ ಅಡ್ಡ ಇಟ್ಟು ಜಾಗ ಮಾಡಿದ್ದೆವು. ನೆಲಕ್ಕೆ ಒಣ ರಾಗಿ ಹುಲ್ಲು, ಮಲಗಿದರೆ ಕಾಲು ಮುಚ್ಚಿಹೋಗುವಷ್ಟು. ಧೂಳೇಳುವ, ಬೂಸ್ಟು ಹಿಡಿದ ಹುಲ್ಲು ಬೇಡ.

ಹಾಲನ್ನು ಕಡಿಮೆ ಕಡಿಮೆ, ಪದೇ ಪದೇ ಕೊಡಿ. ಆ 5 ಕೆ.ಜಿ. ಮರಿಗೆ ತಾಯಿಯ ಹಾಲನ್ನೇ ಕರೆದು, ಮುಂಗೈಗೆ ಬೆಚ್ಚಗೆ ಅನಿಸುವಾಗ, ಮೂರು ಗಂಟೆಗೊಮ್ಮೆ 80 ಮಿ.ಲೀ.ನಂತೆ ನಿಪ್ಪಲ್ ಬಾಟಲಿಯಲ್ಲಿ ಕೊಟ್ಟೆವು. ಮರಿ ನಿಂತಿರಬೇಕು ಅಥವಾ ಎದೆಯ ಮೇಲೆ ಕೂತಿರಬೇಕು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಡುವೆ ಒಆರ್‌ಎಸ್ ನೀರು ಸ್ವಲ್ಪ ಸ್ವಲ್ಪ ಕುಡಿಸಬಹುದು, ಹಾಲಿಗೆ ಬೆರೆಸಬೇಡಿ. ಕುಡಿಸುವ ಮುಂಚೆ ಒದ್ದೆ ಬಟ್ಟೆಯಿಂದ ಮೂಗು ಒರೆಸಿ. ಮೂಗು ಕಟ್ಟಿದ ಮರಿ ಚೀಪುತ್ತಾ ಉಸಿರಾಡಲಾರದು, ಅದಕ್ಕೇ ಬಾಟಲಿ ಬಿಡುತ್ತದೆ.

ಮಲಗಿಯೇ ಇರುವ ಮರಿ ಕರುಗಳನ್ನು ಪಕ್ಕಕ್ಕೆ ಚಾಚಿ ಮಲಗಲು ಬಿಡಬೇಡಿ. ಗೋಣಿಚೀಲ ಸುರುಳಿ ಸುತ್ತಿ ಪಕ್ಕೆಗೆ ಆನಿಸಿ ಎದೆಯ ಮೇಲೆ ಕೂರಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕೆಳಗಿನ ಶ್ವಾಸಕೋಶಕ್ಕೆ ಗಾಳಿ ಸಿಗುವುದು ಹಾಗೇ.

ಕರುವಿಗೆ ಗೋಣಿಚೀಲದ ಅಂಗಿ ಒಳ್ಳೆಯದು. ಚೀಲ ಬಿಚ್ಚಿ ಬೆನ್ನ ಮೇಲೆ ಹಾಕಿ, ಎದೆ ಮುಂದೆ ಒಂದು, ಹೊಟ್ಟೆ ಕೆಳಗೆ ಒಂದು ಗಂಟು. ಹೋರಿಗರುವಾದರೆ ಹೊಟ್ಟೆಯ ಗಂಟು ಮುಂದಕ್ಕೆ ಇರಲಿ, ಇಲ್ಲದಿದ್ದರೆ ಮೂತ್ರದಲ್ಲಿ ನೆನೆಯುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ತೆಗೆದು ಬಿಸಿಲಿಗೆ ಹಾಕಿ. ಒದ್ದೆ ಗೋಣಿ ಹೊದಿಸುವುದಕ್ಕಿಂತ ಬರೀ ಮೈ ವಾಸಿ.

ಇನ್ನು ಮಾಡಲೇಬಾರದ ಎರಡು ಕೆಲಸ ಹೇಳುತ್ತೇನೆ, ಊರಲ್ಲಿ ಬೇಜಾರಾದರೂ ಪರವಾಗಿಲ್ಲ. ಒಂದು, ಗೊಟ್ಟ. ಮೆಣಸು, ಶುಂಠಿ, ಎಣ್ಣೆ ಅರೆದು ತಲೆ ಮೇಲೆತ್ತಿ ಗೊಟ್ಟದಲ್ಲಿ ಹೊಯ್ಯುವುದು. ಏದುಸಿರು ಬಿಡುವ ಮರಿ ನುಂಗುವ ಬದಲು ಒಳಗೆಳೆದುಕೊಳ್ಳುತ್ತದೆ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಯಾವ ಔಷಧಿಯೂ ಅದನ್ನು ಹೊರತೆಗೆಯದು. ಎರಡು, ಪಕ್ಕೆಗೆ ಬರೆ ಎಳೆಯುವುದು. ಸುಟ್ಟ ಪಕ್ಕೆಯ ನೋವಿಗೆ ಮರಿ ಮೇಲುಮೇಲೆ ಉಸಿರಾಡುತ್ತದೆ. ಉಸಿರು ಸಣ್ಣದಾದದ್ದನ್ನು ನೋಡಿ ನಾವು ‘ಇಳಿಯಿತು’ ಅಂದುಕೊಳ್ಳುತ್ತೇವೆ. ಹಿರಿಯರು ಪ್ರೀತಿಯಿಂದಲೇ ಮಾಡಿದ್ದು, ಅವರಿಗೆ ಆಗ ಬೇರೆ ದಾರಿ ಇರಲಿಲ್ಲ. ನಮಗೆ ಇದೆ.

ಕೋಣೆಯೊಳಗೆ ಬೆಂಕಿ ಹಾಕುವುದೂ ಬೇಡ. ಬೆಚ್ಚಗಾಗುವುದಕ್ಕಿಂತ ಹೊಗೆ ಜಾಸ್ತಿ.

ಅದೇ ದಿನ ರೊಪ್ಪ ಸರಿಮಾಡಿ

ಒಂದು ಮರಿ ಮಲಗಿತು ಅಂದರೆ ಉಳಿದವೂ ಅದೇ ನೆಲದಲ್ಲಿ ಮಲಗಿವೆ, ಅಲ್ವಾ? ಆ ಸಂಜೆಯೇ ಎರಡು ಪರೀಕ್ಷೆ ಮಾಡಿ. ಮರಿಗಳು ಮಲಗುವ ಜಾಗದಲ್ಲಿ ಮೊಣಕಾಲೂರಿ 20 ಎಣಿಸಿ. ಬಟ್ಟೆ ಒದ್ದೆಯಾದರೆ ಹಾಸು ಬದಲಿಸಬೇಕು. ಹಾಗೇ ಬಗ್ಗಿ ಮುಖವನ್ನು ಮರಿಯ ಮೂಗಿನ ಮಟ್ಟಕ್ಕೆ ತನ್ನಿ. ಕಣ್ಣು ಚುರುಗುಟ್ಟಿದರೆ ಗಾಳಿ ಸಾಲದು. ನಾವು ನಿಂತ ಎತ್ತರದಲ್ಲಿ ಘಾಟು ಗೊತ್ತಾಗುವುದಿಲ್ಲ, ಮರಿ ರಾತ್ರಿಯಿಡೀ ಕುಡಿಯುವುದು ನೆಲದ ಗಾಳಿ.

ನಾವು ಈಗ ತಾಡಪಾಲನ್ನು ಪೂರ್ತಿ ಇಳಿಸುವುದಿಲ್ಲ. ಮೂಡಣ ಮತ್ತು ಬಡಗಣ ಬದಿಗೆ ನೆಲದಿಂದ ಮೂರಡಿ ಎತ್ತರಕ್ಕೆ ತೆಂಗಿನ ಗರಿಯ ತಡಿಕೆ ಕಟ್ಟಿ, ಅದರ ಒಳಮೈಗೆ ಹಳೇ ಕಂಬಳಿ ಇಳಿಬಿಟ್ಟಿದ್ದೇವೆ. ಮೇಲೆ ಚಾವಣಿಯ ಕೆಳಗೆ ಒಂದೂವರೆ ಅಡಿ ತೆರೆದೇ ಇರುತ್ತದೆ. ಮಲಗಿದ ಮರಿಗೆ ಗಾಳಿ ಬಡಿಯುವುದಿಲ್ಲ, ಘಾಟು ಮೇಲಿಂದ ಹೊರಗೆ ಹೋಗುತ್ತದೆ. ಕಸ ಗುಡಿಸುವುದು ಮರಿಗಳು ಹೊರಗಿದ್ದಾಗ ಮಾತ್ರ. ಉಳಿದ ಮರಿಗಳಿಗೆ ಮುಂದಿನ ಹತ್ತು ದಿನ ಬೆಳಗಿನ ಸುತ್ತು ತಪ್ಪಿಸಬೇಡಿ, ಮಂಕಾಗಿ ಕಂಡದ್ದಕ್ಕೆಲ್ಲ ಜ್ವರ ನೋಡಿ.

ಮರಿ ಸತ್ತರೆ ಹಾಗೇ ಹೂಳಬೇಡಿ. ಬೇಗ ಪಶು ಆಸ್ಪತ್ರೆಗೆ ತೋರಿಸಿ, ಕೊಯ್ದು ನೋಡಲು ಕೇಳಿ. ನಮ್ಮ ಒಂದು ಮರಿಯನ್ನು ಹಾಗೆ ನೋಡಿದಾಗ ಶ್ವಾಸಕೋಶದ ಮುಂದಿನ ತುದಿ ಈಲಿಯಂತೆ ಕಪ್ಪುಗೆಂಪಾಗಿ ಗಟ್ಟಿಯಾಗಿತ್ತು. ಅದರ ಚೂರೊಂದನ್ನು ನೀರಿಗೆ ಹಾಕಿದರು, ಮುಳುಗಿತು. ಹಿಂಭಾಗದ ಚೆನ್ನಾಗಿರುವ ಚೂರು ತೇಲಿತು. ಗಾಳಿ ಹೋಗಿ ಕೀವು, ಲೋಳೆ ತುಂಬಿಕೊಂಡ ಜಾಗ ಎಷ್ಟು ಎಂದು ಅಲ್ಲೇ ಕಣ್ಣಿಗೆ ಕಂಡಿತು. ಉಳಿದ ಮರಿಗಳಿಗೆ ಯಾವ ಔಷಧಿ ಸರಿ ಎಂದು ಡಾಕ್ಟರ್ ತೀರ್ಮಾನಿಸಿದ್ದೂ ಅದರಿಂದಲೇ.

ಗುಣವಾದ ಮರಿಯನ್ನು ಎರಡು ವಾರ ಮಂದೆಯ ಜೊತೆ ದೂರ ಹೊಡೆಯಬೇಡಿ. ನಮ್ಮ ಆ ಹೆಣ್ಣುಮರಿಯನ್ನು ಮನೆ ಮುಂದೆಯೇ ಬಿಸಿಲಿಗೆ ಬಿಟ್ಟು, ಶೇಂಗಾ ಬಳ್ಳಿ ಕಟ್ಟಿ, ವಾರಕ್ಕೊಮ್ಮೆ ತೂಗಿದೆವು. ಮೊದಲ ವಾರ ಒಂದು ಗ್ರಾಮೂ ಏರಲಿಲ್ಲ. ಎರಡನೇ ವಾರ 600 ಗ್ರಾಂ ಏರಿತು. ಆಮೇಲೆ ಅದನ್ನು ಅಣ್ಣನ ಜೊತೆ ಹೊಲಕ್ಕೆ ಬಿಟ್ಟೆವು.